ಫೋಟೊದ ಅಕ್ಷರ, ನಿಂತ ವಿಡಿಯೊದ ಸಾಲು

ಫೋಟೊದಲ್ಲಿ ಕಾಣುವ ಅಕ್ಷರ ಫೋನಿನ ಮಟ್ಟಿಗೆ ಬರೀ ಬಣ್ಣದ ಚುಕ್ಕೆಗಳ ಗುಂಪು. ವಾಟ್ಸ್ಆ್ಯಪ್ ಸಂದೇಶವೊಂದನ್ನು ಕಾಪಿ ಮಾಡಿದರೆ ಅದರಲ್ಲಿ ಇದ್ದ ಅಕ್ಷರಗಳೇ ಇದ್ದ ಹಾಗೆ ಇನ್ನೊಂದು ಕಡೆ ಹೋಗುತ್ತವೆ. ತಪ್ಪಾಗುವ ಮಾತೇ ಇಲ್ಲ. ಫೋಟೊದಿಂದ ಕಾಪಿ ಮಾಡುವಾಗ ಹಾಗಾಗುವುದಿಲ್ಲ. ಫೋನು ಚುಕ್ಕೆಗಳನ್ನು ನೋಡಿ, ಇದು ಇಂಥ ಅಕ್ಷರವೇ ಇರಬೇಕೆಂದು ಊಹಿಸಿ, ಆ ಊಹೆಯನ್ನು ಹೊಸದಾಗಿ ಬರೆದು ಕೊಡುತ್ತದೆ. ಕೈಗೆ ಬರುವುದು ಫೋನು ಮಾಡಿಕೊಂಡ ಓದು. ಈ ಓದು ಯಾವಾಗ ನಿಖರ, ಯಾವಾಗ ಅಲ್ಲ ಎಂಬುದು ತಿಳಿದಿದ್ದರೆ ಈ ಸೌಲಭ್ಯ ದಿನಬಳಕೆಗೆ ಒದಗುತ್ತದೆ.

ಐಫೋನಿನಲ್ಲಿ ಇದರ ಹೆಸರು ಲೈವ್ ಟೆಕ್ಸ್ಟ್. ಆ್ಯಪಲ್ ಇದನ್ನು 2021ರ ಜೂನ್‌ನಲ್ಲಿ ಪ್ರಕಟಿಸಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರ ಜೊತೆ ಬಿಡುಗಡೆ ಮಾಡಿತು. ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಅವುಗಳ ನಂತರದ ಮಾದರಿಗಳಲ್ಲಿ ಅದು ಕೆಲಸ ಮಾಡುತ್ತದೆ. ಮೊದಲ ವರ್ಷ ವಿಡಿಯೊಗೆ ಒದಗದಿದ್ದ ಈ ಸೌಲಭ್ಯ 2022ರ ಐಒಎಸ್ 16ರಿಂದ ನಿಲ್ಲಿಸಿದ ವಿಡಿಯೊಗೂ ಬಂತು. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಇದೇ ಕೆಲಸವನ್ನು ಗೂಗಲ್ ಲೆನ್ಸ್ ಮಾಡುತ್ತದೆ. ಪರದೆಯ ಮೇಲೆ ಏನೇ ಇದ್ದರೂ ಅಲ್ಲೇ ಗುರುತು ಹಾಕಿ ಓದಿಸುವ ಸರ್ಕಲ್ ಟು ಸರ್ಚ್ 2024ರ ಜನವರಿಯಿಂದ ಕೆಲವು ಫೋನುಗಳಿಗೆ ಬಂದಿದೆ.

ಫೋನು ಓದುವ ಬಗೆ

ಓದುವ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ತಂತ್ರಾಂಶ ಇಡೀ ಚಿತ್ರವನ್ನು ಜಾಲಾಡಿ ಎಲ್ಲೆಲ್ಲಿ ಬರಹ ಇದೆ ಎಂದು ಗುರುತಿಸುತ್ತದೆ: ಗೋಡೆಯ ಬಿರುಕು ಬೇರೆ, ಗೋಡೆ ಬರಹ ಬೇರೆ ಎಂದು ವಿಂಗಡಿಸುವುದು ಈ ಹಂತದಲ್ಲಿ. ಆಮೇಲೆ ಸಿಕ್ಕ ಬರಹವನ್ನು ಸಾಲು ಸಾಲಾಗಿ ಬಿಡಿಸಿ, ಓರೆಯಾಗಿದ್ದರೆ ನೆಟ್ಟಗೆ ಮಾಡಿಕೊಳ್ಳುತ್ತದೆ. ಮೂರನೆಯದು ಓದು. ಇಲ್ಲಿ ಒಂದೊಂದು ಅಕ್ಷರವನ್ನು ಬಿಡಿಯಾಗಿ ನೋಡಿ ತೀರ್ಮಾನಿಸುವುದಿಲ್ಲ. ಸಾಲನ್ನು ಒಟ್ಟಾಗಿ ನೋಡಿ, ಅಕ್ಕಪಕ್ಕದ ಅಕ್ಷರಗಳ ನೆರವಿನಿಂದ ಒಂದೊಂದನ್ನೂ ನಿರ್ಧರಿಸುತ್ತದೆ. ಪದದ ನಡುವಿನ ಒಂದು ಅಕ್ಷರ ಮಸುಕಾಗಿದ್ದರೂ ಪದ ಪೂರ್ತಿ ಸರಿಯಾಗಿ ಬರುವುದು ಇದರಿಂದಲೇ.

ಈ ಸಂದರ್ಭದ ಬಲ ಮಾಮೂಲಿ ವಾಕ್ಯಗಳಿಗೆ ವರ. ಅರ್ಥವಿಲ್ಲದ ಅಕ್ಷರ ಸರಣಿಗೆ ಅದೇ ತೊಡಕು. ವೈಫೈ ಪಾಸ್‌ವರ್ಡ್, ಬ್ಯಾಂಕ್ ಖಾತೆಯ ಸಂಖ್ಯೆ, ಔಷಧದ ಬ್ಯಾಚ್ ನಂಬರ್ ಇವುಗಳಲ್ಲಿ ಒಂದು ಅಕ್ಷರ ಇನ್ನೊಂದರ ಸುಳಿವು ಕೊಡುವುದಿಲ್ಲ. ಇಂಗ್ಲಿಷಿನ ದೊಡ್ಡ `O` ಮತ್ತು ಸೊನ್ನೆ `0`, ದೊಡ್ಡ `I`, ಚಿಕ್ಕ `l` ಮತ್ತು ಒಂದು `1` ಇಂಥಲ್ಲಿ ಅದಲುಬದಲಾಗುತ್ತವೆ. ಪದದಂತೆ ಕಾಣುವ ಕೋಡನ್ನು ತಂತ್ರಾಂಶವೇ ತಿದ್ದಿ ನಿಜವಾದ ಪದವಾಗಿಸಿಬಿಡುವುದೂ ಉಂಟು. ಹಾಗಾಗಿ ಪತ್ರದ ನಾಲ್ಕು ಸಾಲು ಎತ್ತಿಕೊಂಡಾಗ ಒಮ್ಮೆ ಕಣ್ಣಾಡಿಸಿದರೆ ಸಾಕು. ಸಂಖ್ಯೆಯನ್ನೋ ಕೋಡನ್ನೋ ಎತ್ತಿಕೊಂಡಾಗ ಅಕ್ಷರ ಅಕ್ಷರವನ್ನೂ ತಾಳೆ ನೋಡಬೇಕು.

ಫೋಟೊದಿಂದ ಎತ್ತಿಕೊಳ್ಳುವುದು

ಐಫೋನಿನ ಫೋಟೊ ಸಂಗ್ರಹದಲ್ಲಿ ಚಿತ್ರವನ್ನು ತೆರೆದಾಗ ಅದರಲ್ಲಿ ಬರಹ ಕಂಡರೆ ಬಲಗಡೆ ಕೆಳಮೂಲೆಯಲ್ಲಿ ಚೌಕಟ್ಟಿನೊಳಗೆ ಗೆರೆಗಳಿರುವ ಸಣ್ಣ ಗುರುತು ಮೂಡುತ್ತದೆ. ಅದನ್ನು ಮುಟ್ಟಿದರೆ ಫೋನು ಓದಬಲ್ಲ ಭಾಗಗಳೆಲ್ಲ ಬೆಳಗಿ ಕಾಣುತ್ತವೆ. ಬೇಕಾದ ಪದದ ಮೇಲೆ ಬೆರಳು ಒತ್ತಿ ಹಿಡಿದರೆ ಆ ಪದ ಆಯ್ಕೆಯಾಗುತ್ತದೆ. ಎರಡೂ ತುದಿಯ ಹಿಡಿಗಳನ್ನು ಎಳೆದು ಆಯ್ಕೆಯನ್ನು ಹಿಗ್ಗಿಸಿ, ಮೇಲೆ ಬರುವ ಪಟ್ಟಿಯಲ್ಲಿ `Copy` ಒತ್ತಬೇಕು. ಗುರುತು ಕಾಣಿಸದಿದ್ದರೆ `Settings` ಒಳಗೆ `General`, ಅಲ್ಲಿಂದ `Language & Region`ಗೆ ಹೋಗಿ `Live Text` ಚಾಲೂ ಇದೆಯೇ ಎಂದು ನೋಡಬೇಕು. ಆ್ಯಂಡ್ರಾಯ್ಡಿನಲ್ಲಿ ಗೂಗಲ್ ಫೋಟೊಸ್‌ನಲ್ಲಿ ಚಿತ್ರ ತೆರೆದು ಲೆನ್ಸ್ ಗುರುತನ್ನು ಮುಟ್ಟಿದರೆ ಹೆಚ್ಚುಕಡಿಮೆ ಇದೇ ಕ್ರಮ.

ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊದಿಂದ ಐಎಫ್ಎಸ್‌ಸಿ ಕೋಡ್ ಎತ್ತಿಕೊಳ್ಳುವುದನ್ನು ಉದಾಹರಣೆಯಾಗಿ ನೋಡಬಹುದು. ಈ ಕೋಡಿಗೆ ಕಟ್ಟುನಿಟ್ಟಾದ ರೂಪವಿದೆ. ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕನ್ನು ಸೂಚಿಸುವ ಇಂಗ್ಲಿಷ್ ಅಕ್ಷರಗಳು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯ ಗುರುತು. ಫೋನು ಹೆಚ್ಚಾಗಿ ಎಡವುವುದು ಈ ಐದನೆಯ ಸ್ಥಾನದಲ್ಲೇ. ಹಿಂದಿನ ನಾಲ್ಕೂ ಅಕ್ಷರಗಳೇ ಆಗಿರುವುದರಿಂದ ಸೊನ್ನೆಯನ್ನೂ ಅಕ್ಷರವೆಂದುಕೊಂಡು ದೊಡ್ಡ `O` ಬರೆಯುತ್ತದೆ. `ABCD0123456` ಎಂದಿರಬೇಕಾದದ್ದು `ABCDO123456` ಆಗುತ್ತದೆ. ಕಣ್ಣಿಗೆ ಎರಡೂ ಒಂದೇ ಥರ. ಐದನೆಯದು ಸೊನ್ನೆಯೇ ಆಗಿರಬೇಕೆಂಬ ನಿಯಮ ಗೊತ್ತಿದ್ದರೆ ಅದೊಂದನ್ನು ಅಳಿಸಿ ಕೈಯಿಂದ ಸೊನ್ನೆ ಹೊಡೆದರೆ ಮುಗಿಯಿತು. ಖಾತೆಯ ಸಂಖ್ಯೆಗೆ ಇಂಥ ಕಣ್ಣಿಗೆ ಕಾಣುವ ನಿಯಮವಿಲ್ಲ. ಅಲ್ಲಿ ಮೊದಲು ಒಟ್ಟು ಅಂಕೆಗಳನ್ನು ಎಣಿಸಿ, ಆಮೇಲೆ ಕೊನೆಯಿಂದ ನಾಲ್ಕು ನಾಲ್ಕು ಅಂಕೆಯಾಗಿ ಹಿಂದಕ್ಕೆ ಹೋಲಿಸುವುದು ಸುರಕ್ಷಿತ. ಮೊದಲಿನಿಂದ ಓದಿಕೊಂಡು ಹೋದರೆ ಸಾಲುಸಾಲು ಸೊನ್ನೆಗಳ ನಡುವೆ ಒಂದು ಬಿಟ್ಟುಹೋದದ್ದು ಗಮನಕ್ಕೆ ಬರುವುದಿಲ್ಲ.

ಅಕ್ಷರದ ಎತ್ತರದ ಲೆಕ್ಕ

ಓದು ಎಷ್ಟು ಸರಿ ಬರುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಅಕ್ಷರವೊಂದರ ಎತ್ತರಕ್ಕೆ ಎಷ್ಟು ಪಿಕ್ಸೆಲ್ ಸಿಕ್ಕಿವೆ ಎಂಬುದು. ಸ್ಥೂಲವಾಗಿ ಹೇಳುವುದಾದರೆ, ಇಂಗ್ಲಿಷಿನ ಸಣ್ಣ ಅಕ್ಷರದ ಎತ್ತರ 20 ಪಿಕ್ಸೆಲ್ ಇದ್ದರೆ ಓದು ಸಲೀಸು. 10ರ ಆಸುಪಾಸಿಗೆ ಇಳಿದರೆ ತಪ್ಪುಗಳು ಶುರು.

12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಉದ್ದನೆಯ ಬದಿಯಲ್ಲಿ 4032 ಪಿಕ್ಸೆಲ್‌ಗಳಿರುತ್ತವೆ. 297 ಮಿಲಿಮೀಟರ್ ಉದ್ದದ ಎ4 ಹಾಳೆ ಚೌಕಟ್ಟನ್ನು ತುಂಬುವಂತೆ ಫೋಟೊ ತೆಗೆದರೆ ಒಂದು ಮಿಲಿಮೀಟರಿಗೆ ಸುಮಾರು 13.6 ಪಿಕ್ಸೆಲ್ ಸಿಗುತ್ತವೆ. 2 ಮಿಲಿಮೀಟರ್ ಎತ್ತರದ ಅಕ್ಷರಕ್ಕೆ 27, ಇದು ಬೇಕಾದಷ್ಟಾಯಿತು. ಅದೇ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದಾಗ ಅದು ಕುಗ್ಗಿ ಉದ್ದದ ಬದಿ 1600 ಪಿಕ್ಸೆಲ್ ಆಗಿದೆ ಎಂದುಕೊಂಡರೆ, ಆ ಅಕ್ಷರಕ್ಕೆ ಉಳಿಯುವುದು 11 ಪಿಕ್ಸೆಲ್ ಮಾತ್ರ. ಕಳಿಸಿದವರ ಫೋನಿನಲ್ಲಿ ಸರಿಯಾಗಿ ಓದಿಸಿಕೊಂಡ ರಸೀದಿ ಪಡೆದವರ ಫೋನಿನಲ್ಲಿ ತಪ್ಪುತಪ್ಪಾಗಿ ಬರುವುದಕ್ಕೆ ಕಾರಣ ಇದೇ. ಫೋಟೊ ಕಳಿಸುವಾಗ ಅದನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಕುಗ್ಗುವುದಿಲ್ಲ. ಕುಗ್ಗಿದ ಮೇಲೆ ಎರಡು ಬೆರಳಿನಿಂದ ಎಷ್ಟು ಹಿಗ್ಗಿಸಿದರೂ ಹೋದ ಪಿಕ್ಸೆಲ್ ಮರಳಿ ಬಾರದು. ಹಿಗ್ಗಿಸುವುದರಿಂದ ಬೆರಳಿಗೆ ಪದ ಆರಿಸಲು ಅನುಕೂಲವಾಗುತ್ತದೆ, ಅಷ್ಟೇ.

ನಿಲ್ಲಿಸಿದ ವಿಡಿಯೊದಿಂದ

ವಿಡಿಯೊ ಎಂದರೆ ಸೆಕೆಂಡಿಗೆ 24, 30 ಅಥವಾ 60 ಚಿತ್ರಗಳ ಸರಣಿ. ನಿಲ್ಲಿಸಿದಾಗ ಅವುಗಳಲ್ಲಿ ಒಂದು ಚಿತ್ರ ಪರದೆಯ ಮೇಲೆ ಉಳಿಯುತ್ತದೆ. ಐಫೋನಿನಲ್ಲೇ ತೆಗೆದ ವಿಡಿಯೊ ಆದರೆ ಫೋಟೊ ಸಂಗ್ರಹದಲ್ಲಿ ತೆರೆದು, ನಿಲ್ಲಿಸಿ, ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಅತ್ತಿತ್ತ ಸರಿಸಿ ಚೊಕ್ಕವಾದ ಚಿತ್ರವನ್ನು ಹುಡುಕಿ, ಬರಹದ ಮೇಲೆ ಬೆರಳು ಒತ್ತಿ ಹಿಡಿದರಾಯಿತು. ತಮ್ಮದೇ ಪ್ಲೇಯರ್ ಇಟ್ಟುಕೊಂಡ ಆ್ಯಪ್‌ಗಳಲ್ಲಿ ಬೆರಳು ಒತ್ತಿದರೆ ಏನೂ ಆಗದಿರಬಹುದು. ಆಗ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಆ ಚಿತ್ರದಿಂದ ಓದಿಸಬೇಕು. ಸರ್ಕಲ್ ಟು ಸರ್ಚ್ ಇರುವ ಆ್ಯಂಡ್ರಾಯ್ಡ್ ಫೋನಿನಲ್ಲಿ ಕೆಳಗಿನ ಹೋಮ್ ಗುಂಡಿಯನ್ನೋ ಪಟ್ಟಿಯನ್ನೋ ಒತ್ತಿ ಹಿಡಿದರೆ ಪರದೆಯ ಮೇಲಿರುವುದನ್ನೇ ಓದುತ್ತದೆ. ಸ್ಕ್ರೀನ್‌ಶಾಟ್ ಬೇರೆ ಬೇಕಾಗುವುದಿಲ್ಲ.

ಕಂಪ್ಯೂಟರ್ ಪಾಠದ ವಿಡಿಯೊವೊಂದರಲ್ಲಿ ಎಕ್ಸೆಲ್ ಸೂತ್ರವೊಂದನ್ನು ತೋರಿಸುತ್ತಿದ್ದಾರೆ ಎಂದಿಟ್ಟುಕೊಳ್ಳಬಹುದು:

```
=IFERROR(VLOOKUP(A2,Sheet2!$A$2:$C$50,3,FALSE),"NA")
```

`A2` ಮನೆಯಲ್ಲಿರುವ ಕ್ರಮಸಂಖ್ಯೆಯನ್ನು ಎರಡನೆಯ ಹಾಳೆಯ ಪಟ್ಟಿಯಲ್ಲಿ ಹುಡುಕಿ, ಅದರ ಮೂರನೆಯ ಕಾಲಮ್ಮಿನಲ್ಲಿರುವುದನ್ನು ತಂದು ಕೊಡು, ಸಿಗದಿದ್ದರೆ `NA` ಎಂದು ಬರೆ ಎಂಬುದು ಇದರ ಅರ್ಥ. ಇದನ್ನು ಫೋನಿನಲ್ಲಿ ಕೈಯಿಂದ ಹೊಡೆಯುವುದು ತಲೆನೋವು. ಎತ್ತಿಕೊಳ್ಳುವ ಆಸೆ ಸಹಜ.

ಮೊದಲು ಗುಣಮಟ್ಟ ನೋಡಬೇಕು. ಸೂತ್ರದ ಸಾಲು ವಿಡಿಯೊದ ಎತ್ತರದ ಇಪ್ಪತ್ತರಲ್ಲಿ ಒಂದು ಪಾಲು ಇದೆ ಎಂದುಕೊಂಡರೆ 1080ಪಿ ವಿಡಿಯೊದಲ್ಲಿ ಆ ಸಾಲಿಗೆ 54 ಪಿಕ್ಸೆಲ್, 360ಪಿ ವಿಡಿಯೊದಲ್ಲಿ 18 ಪಿಕ್ಸೆಲ್ ಸಿಗುತ್ತವೆ. ಸಾಲಿನ ಮೇಲೆ ಕೆಳಗಿನ ಖಾಲಿ ಜಾಗ ಕಳೆದರೆ ಅಕ್ಷರದ ಪಾಲಿಗೆ ಉಳಿಯುವುದು ಅದರ ಅರ್ಧ: ಒಂದರಲ್ಲಿ 27, ಇನ್ನೊಂದರಲ್ಲಿ 9. ಇಂಟರ್‌ನೆಟ್ ನಿಧಾನವಾದಾಗ ಯೂಟ್ಯೂಬ್ ತಾನಾಗಿಯೇ ಗುಣಮಟ್ಟ ಇಳಿಸುವುದರಿಂದ, ಸೆಟ್ಟಿಂಗ್ಸ್ ಗುರುತು ಮುಟ್ಟಿ `Quality`ಯಲ್ಲಿ ಮೇಲಿನದನ್ನು ಆರಿಸಿ, ಚಿತ್ರ ತಿಳಿಯಾಗುವವರೆಗೆ ಕಾಯಬೇಕು.

ಎರಡನೆಯದು ಫೋನನ್ನು ಅಡ್ಡ ಹಿಡಿಯುವುದು. ಸ್ಕ್ರೀನ್‌ಶಾಟ್ ಪರದೆಯಲ್ಲಿ ಕಂಡಷ್ಟನ್ನೇ ಹಿಡಿಯುತ್ತದೆ. ಪರದೆಯ ಅಗಲ 1080 ಪಿಕ್ಸೆಲ್ ಇರುವ ಫೋನನ್ನು ನೆಟ್ಟಗೆ ಹಿಡಿದು ವಿಡಿಯೊ ನೋಡಿದರೆ, ಆ ಅಗಲದೊಳಗೆ ಕೂರುವ ವಿಡಿಯೊದ ಎತ್ತರ ಸುಮಾರು 607 ಪಿಕ್ಸೆಲ್ ಮಾತ್ರ. ವಿಡಿಯೊ 1080ಪಿ ಆಗಿದ್ದರೂ ಸ್ಕ್ರೀನ್‌ಶಾಟಿನಲ್ಲಿ ಹೆಚ್ಚುಕಡಿಮೆ ಅರ್ಧ ಎತ್ತರ ಹೋಯಿತು. ಅಡ್ಡ ಹಿಡಿದು ಪೂರ್ಣ ಪರದೆ ಮಾಡಿದರೆ 1080 ಸಾಲುಗಳೂ ಉಳಿಯುತ್ತವೆ.

ಮೂರನೆಯದು ನಿಲ್ಲಿಸುವ ಗಳಿಗೆ. ಅಂತರ್ಜಾಲದ ವಿಡಿಯೊದಲ್ಲಿ ಪ್ರತಿ ಚಿತ್ರವನ್ನೂ ಪೂರ್ತಿ ಕಳಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ, ಅವುಗಳ ನಡುವೆ ಏನು ಬದಲಾಯಿತೋ ಅಷ್ಟು ಮಾತ್ರ. ಹೊಸ ಸ್ಲೈಡ್ ಬಂದ ಕೂಡಲೆ ಒಮ್ಮೆಲೇ ಎಲ್ಲವೂ ಬದಲಾಗುವುದರಿಂದ ಮೊದಲ ಕ್ಷಣದ ಚಿತ್ರ ಕಲೆಕಲೆಯಾಗಿದ್ದು, ಒಂದೆರಡು ಸೆಕೆಂಡಿನಲ್ಲಿ ಅಕ್ಷರದ ಅಂಚು ನೇರವಾಗುತ್ತದೆ. ಸ್ಲೈಡ್ ಮೂಡಿ ಎರಡು ಸೆಕೆಂಡ್ ಕಳೆದ ಮೇಲೆ, ಕರ್ಸರ್ ಓಡಾಡದಿರುವಾಗ ನಿಲ್ಲಿಸಿದರೆ ಒಳ್ಳೆಯ ಚಿತ್ರ ಸಿಗುತ್ತದೆ. ನಿಲ್ಲಿಸಿದಾಗ ಮೇಲೆ ಹರಡುವ ಗುಂಡಿಗಳು ಬರಹವನ್ನು ಮುಚ್ಚಿದರೆ ಖಾಲಿ ಜಾಗ ಮುಟ್ಟಿ ಅವನ್ನು ಸರಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿ ಎತ್ತಿಕೊಂಡ ಸೂತ್ರದಲ್ಲೂ ಚಿಹ್ನೆಗಳು ತಪ್ಪಬಹುದು. ಇದರಲ್ಲಿ ಎರಡು ಬಗೆ. ಕೆಲವು ತಪ್ಪು ಕೂಡಲೇ ಗೊತ್ತಾಗುತ್ತವೆ: ನೇರವಾದ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಬಂದರೆ ಅವುಗಳ ನಡುವಿನ `NA` ಪಠ್ಯವೆಂದು ಎಕ್ಸೆಲ್‌ಗೆ ಅರ್ಥವಾಗುವುದಿಲ್ಲ. ಇನ್ನು ಕೆಲವು ಸದ್ದಿಲ್ಲದ ತಪ್ಪುಗಳು. ಮೊದಲ `$` ಚಿಹ್ನೆಯನ್ನು ಫೋನು `S` ಎಂದು ಓದಿತು ಎನ್ನೋಣ. `$A$2` ಆಗಬೇಕಾದದ್ದು `SA$2` ಆಗುತ್ತದೆ. ಎಕ್ಸೆಲ್‌ನಲ್ಲಿ `SA` ಎಂಬ ಕಾಲಮ್ ನಿಜವಾಗಿಯೂ ಇರುವುದರಿಂದ ಅದು ತಕರಾರು ಮಾಡುವುದಿಲ್ಲ. `C`ಯಿಂದ `SA`ವರೆಗಿನ ಬೇರೆಯೇ ಪ್ರದೇಶದಲ್ಲಿ ಹುಡುಕಿ, ಏನೂ ಸಿಗದೆ ಎಲ್ಲ ಸಾಲಿನಲ್ಲೂ `NA` ಬರೆಯುತ್ತದೆ. ನೋಡುವವರಿಗೆ ಪಟ್ಟಿಯಲ್ಲಿ ಮಾಹಿತಿಯೇ ಇಲ್ಲವೇನೋ ಅನಿಸುತ್ತದೆ.

`$` ಚಿಹ್ನೆಗಳೇ ಬಿಟ್ಟುಹೋದರೆ ಇನ್ನೂ ಕಷ್ಟ. ಮೊದಲ ಸಾಲಿನ ಉತ್ತರ ಸರಿಯಾಗಿಯೇ ಇರುತ್ತದೆ. ಸೂತ್ರವನ್ನು ಕೆಳಕ್ಕೆ ಎಳೆದಂತೆಲ್ಲ ಹುಡುಕುವ ಪ್ರದೇಶವೂ ಒಂದೊಂದು ಸಾಲು ಕೆಳಗೆ ಜಾರಿ, ಪಟ್ಟಿಯ ಮೇಲ್ಭಾಗದ ಹೆಸರುಗಳು ಒಂದೊಂದಾಗಿ ಕೈಬಿಟ್ಟುಹೋಗುತ್ತವೆ. ಇಂಥ ತಪ್ಪು ಹಿಡಿಯಲು ಮೊದಲ ಉತ್ತರ ನೋಡಿ ಸಮಾಧಾನಪಟ್ಟರೆ ಸಾಲದು. ಕೊನೆಯ ಕೆಲವು ಸಾಲುಗಳಲ್ಲಿ ಉತ್ತರ ಮೊದಲೇ ಗೊತ್ತಿರುವ ಒಂದನ್ನು ಆರಿಸಿ ನೋಡಬೇಕು. ಸೂತ್ರದಲ್ಲಿರುವ `$` ನಾಲ್ಕು ಎಂದು ಎಣಿಸಿಕೊಳ್ಳುವುದು ಅದಕ್ಕಿಂತಲೂ ಸುಲಭ.

ಕನ್ನಡದ ಬರಹ

2021ರಲ್ಲಿ ಲೈವ್ ಟೆಕ್ಸ್ಟ್ ಶುರುವಾದಾಗ ಅದು ಇಂಗ್ಲಿಷ್, ಚೀನಿ, ಫ್ರೆಂಚ್, ಇಟಾಲಿಯನ್, ಜರ್ಮನ್, ಪೋರ್ಚುಗೀಸ್, ಸ್ಪ್ಯಾನಿಷ್ ಓದುತ್ತಿತ್ತು. 2022ರಲ್ಲಿ ಜಪಾನಿ, ಕೊರಿಯನ್, ಉಕ್ರೇನಿಯನ್ ಸೇರಿದವು. ಈ ಎರಡೂ ಪಟ್ಟಿಯಲ್ಲಿ ಕನ್ನಡವಿಲ್ಲ. ಕನ್ನಡ ಓದಲಾರದ ಫೋನಿನಲ್ಲಿ ಅಂಗಡಿಯ ಬೋರ್ಡಿನ ಚಿತ್ರ ತೆರೆದರೆ ಕೆಳಗಿನ ಇಂಗ್ಲಿಷ್ ಸಾಲು, ಫೋನ್ ನಂಬರ್ ಮಾತ್ರ ಬೆಳಗುತ್ತವೆ. ಮೇಲಿನ ಕನ್ನಡ ಹೆಸರಿನ ಮೇಲೆ ಬೆರಳು ಒತ್ತಿದರೆ ಏನೂ ಆಗುವುದಿಲ್ಲ. ಗೂಗಲ್ ಲೆನ್ಸ್ ಕನ್ನಡವನ್ನು ಓದುತ್ತದೆ, ಮತ್ತು ಅದು ಐಫೋನಿನ ಗೂಗಲ್ ಆ್ಯಪ್‌ನಲ್ಲೂ ಇದೆ. ಹಾಗಾಗಿ ಕನ್ನಡ ಪುಟದ ಮಟ್ಟಿಗೆ ಎರಡೂ ಬಗೆಯ ಫೋನುಗಳಲ್ಲಿ ಅದೇ ದಾರಿ.

ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಪಿಕ್ಸೆಲ್ ಬೇಕು. ಒಂದು ಅಕ್ಷರವನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತು ಬಹಳ ಚಿಕ್ಕದು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಒಂದು ಸೀಳು ಅಥವಾ ಸಣ್ಣ ಗೆರೆ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕವು, ಸಾಲಿನ ಕೆಳಗೆ ಇಳಿದಿರುವಂಥವು. ಸಾಲುಗಳು ಒತ್ತೊತ್ತಾಗಿ ಅಚ್ಚಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ತಂತ್ರಾಂಶ ಒತ್ತನ್ನೇ ಬಿಟ್ಟುಬಿಡಬಹುದು. ಕೆಲವು ಅಚ್ಚುಗಳಲ್ಲಿ ‘ವು’ ಮತ್ತು ‘ಮ’ ತೀರ ಹತ್ತಿರದ ಆಕಾರ ಪಡೆಯುತ್ತವೆ. ಹಳೆಯ ಪುಸ್ತಕದಿಂದ ಎತ್ತಿದ ಪಠ್ಯದಲ್ಲಿ ‘ಮನೆ’ ಇದ್ದಲ್ಲಿ ‘ವುನೆ’ ಕಂಡರೆ ಕಾರಣ ಇದು. ತಿದ್ದುವಾಗ ಒತ್ತುಗಳು ಮತ್ತು ಮಹಾಪ್ರಾಣಗಳ ಮೇಲೆ ಮೊದಲು ಕಣ್ಣಿಟ್ಟರೆ ಬಹುಪಾಲು ತಪ್ಪು ಸಿಗುತ್ತವೆ.

ಕಣ್ಣಿಗೆ ಕಾಣದ ಒಂದು ತಪ್ಪೂ ಇದೆ. ಕನ್ನಡ ಅಂಕಿಯ ಸೊನ್ನೆ ಮತ್ತು ಅನುಸ್ವಾರ ನೋಡಲು ಒಂದೇ, ಆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಬೇರೆ ಅಕ್ಷರಗಳು. ಕನ್ನಡ ಅಂಕಿಯಲ್ಲಿ ಅಚ್ಚಾದ ಇಸವಿಯನ್ನು ಎತ್ತಿಕೊಂಡಾಗ ಸೊನ್ನೆಯ ಜಾಗದಲ್ಲಿ ಅನುಸ್ವಾರ ಬಂದಿದ್ದರೆ ಪುಟದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ಕಡತದಲ್ಲಿ ಆ ಇಸವಿಯನ್ನು ಹುಡುಕಿದಾಗ ಸಿಗುವುದಿಲ್ಲ. ಸಂಖ್ಯೆಗಳನ್ನು ಮಾತ್ರ ಕೀಲಿಮಣೆಯಿಂದ ಮತ್ತೆ ಹೊಡೆಯುವುದು ಇದಕ್ಕೆ ಮದ್ದು.

ಪತ್ರಿಕೆಯ ತುಣುಕಿನಲ್ಲಿ ಅಕ್ಷರ ಸರಿಯಿದ್ದೂ ಕ್ರಮ ತಪ್ಪುವುದುಂಟು. ಎರಡು ಕಾಲಮ್‌ಗಳ ನಡುವಿನ ಜಾಗ ಕಿರಿದಾಗಿದ್ದರೆ ತಂತ್ರಾಂಶ ಎಡಗಾಲಮ್ಮಿನ ಮೊದಲ ಸಾಲಿಗೆ ಬಲಗಾಲಮ್ಮಿನ ಮೊದಲ ಸಾಲನ್ನು ಜೋಡಿಸಿ ಓದುತ್ತದೆ. ಫೋಟೊವನ್ನು ಕತ್ತರಿಸಿ ಒಂದೊಂದು ಕಾಲಮ್ಮನ್ನು ಬೇರೆ ಬೇರೆಯಾಗಿ ಓದಿಸಿದರೆ ಈ ತೊಂದರೆ ಇರುವುದಿಲ್ಲ.

ಪಠ್ಯವನ್ನು ನೇರವಾಗಿ ಕಾಪಿ ಮಾಡಲು ಬರುವಲ್ಲೂ ಕನ್ನಡಿಗರಿಗೆ ಚಿತ್ರದ ದಾರಿ ಬೇಕಾಗುವ ಸಂದರ್ಭವೊಂದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ, ಯುನಿಕೋಡ್ ಅಲ್ಲದ ಸಂಕೇತಗಳಲ್ಲಿ ಸಿದ್ಧವಾದ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಇನ್ನೊಂದೆಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬೀಳುತ್ತವೆ. ಅದೇ ಪುಟದ ಸ್ಕ್ರೀನ್‌ಶಾಟ್ ತೆಗೆದು ಲೆನ್ಸ್‌ನಿಂದ ಓದಿಸಿದರೆ ಯುನಿಕೋಡ್ ಕನ್ನಡ ಸಿಗುತ್ತದೆ. ಪರದೆಯ ಅಕ್ಷರದ ಅಂಚು ಚೊಕ್ಕವಾಗಿರುವುದರಿಂದ ಪುಟವನ್ನು ಸಾಕಷ್ಟು ಹಿಗ್ಗಿಸಿ ಸ್ಕ್ರೀನ್‌ಶಾಟ್ ತೆಗೆದಷ್ಟೂ ಓದು ಒಳ್ಳೆಯದಾಗುತ್ತದೆ. ಪಿಡಿಎಫ್‌ನ ಅಕ್ಷರ ಹಿಗ್ಗಿಸಿದಾಗ ಹೊಸದಾಗಿ ಮೂಡುತ್ತದೆ. ಫೋಟೊದ ಹಾಗೆ ಒಡೆಯುವುದಿಲ್ಲ.

ಓದು ನಡೆಯುವ ಜಾಗ

ಐಫೋನಿನ ಲೈವ್ ಟೆಕ್ಸ್ಟ್ ಫೋನಿನೊಳಗೇ ಓದುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಬರಹವನ್ನು ಗುರುತಿಸಲು ಚಿತ್ರ ಹೊರಗೆ ಹೋಗಬೇಕಾಗಿಲ್ಲ. ಗೂಗಲ್ ಲೆನ್ಸ್‌ನಲ್ಲಿ ಹುಡುಕಾಟಕ್ಕೆ ಕೊಟ್ಟ ಚಿತ್ರ ಗೂಗಲ್‌ನ ಸರ್ವರಿಗೆ ಹೋಗಿ ಅಲ್ಲಿ ಓದಿಸಿಕೊಂಡು ಬರುತ್ತದೆ. ಬೋರ್ಡು, ಪುಸ್ತಕದ ಪುಟ, ಪಾಠದ ಸ್ಲೈಡ್‌ಗಳಿಗೆ ಇದರಿಂದ ತೊಂದರೆಯೇನಿಲ್ಲ. ಆಧಾರ್, ಪಾಸ್‌ಬುಕ್, ವೈದ್ಯಕೀಯ ವರದಿಯಂಥವುಗಳಲ್ಲಿ ಬೇಕಾದ ಸಾಲಷ್ಟನ್ನೇ ಕತ್ತರಿಸಿ ಉಳಿಸಿಕೊಂಡ ತುಣುಕನ್ನು ಕೊಟ್ಟರೆ, ಹೊರಗೆ ಹೋಗುವುದೂ ಅಷ್ಟೇ ಆಗುತ್ತದೆ.